ಪುಟಪುಟಕ್ಕೂ "ಕೆರೆ ಕೆರೆ" ಅಂತ ಬರ್ತಿದ್ಯಾ? ಉದ್ದದ ವರದಿಯಲ್ಲಿ ಒಂದೇ ಪದದ ಕಾಟ ಕಮ್ಮಿ ಮಾಡೋ ಸಮಗ್ರ ಮಾರ್ಗದರ್ಶಿ

ಒಂದು ಊರಿನ ಕೆರೆ ಬಗ್ಗೆ ಇಪ್ಪತ್ತು ಪುಟದ ಸರ್ವೆ ವರದಿ ಬರೆಯೋಕೆ ಕೂತು ನೋಡಿ. ಮೂರನೇ ಪುಟ ಮುಗಿಯೋಷ್ಟರಲ್ಲಿ ಪ್ರತಿ ಸಾಲೂ "ಕೆರೆಯ", "ಕೆರೆಗೆ", "ಕೆರೆಯಲ್ಲಿ" ಅಂತಲೇ ಶುರುವಾಗ್ತಿರತ್ತೆ, ಓದೋರಿಗೆ ಯಾರೋ ಬಾಗಿಲು ಬಡೀತಾ ಇದಾರೇನೋ ಅನ್ನಿಸತ್ತೆ. ಆಗ ಹೆಚ್ಚಿನವರು ಮಾಡೋದು ಏನಂದ್ರೆ, ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ ಸಮಾನಾರ್ಥಕ ಪದಗಳನ್ನ ನೆನಪು ಮಾಡ್ಕೊಳ್ಳೋದು. ಸರೋವರ, ಕೊಳ, ತಟಾಕ, ಕಾಸಾರ, ಜಲಾಶಯ ಅಂತ ಒಂದೊಂದು ಪ್ಯಾರಾಗೆ ಒಂದೊಂದು ಹಾಕ್ತಾ ಹೋಗ್ತಾರೆ.

ನಾನು ಕೆರೆ ಸರ್ವೆ ಮಾಡೋ ಸ್ವಯಂಸೇವಕರ ವರದಿಗಳನ್ನ ತಿದ್ದೋ ಕೆಲಸ ಮಾಡ್ತೀನಿ. ಒಂದ್ಸಲ ಒಬ್ಬ ಹುಡುಗ ಬಹಳ ಮುತುವರ್ಜಿಯಿಂದ ನಾಲ್ಕನೇ ಪುಟದಲ್ಲಿ "ಕೆರೆ", ಆರನೇ ಪುಟದಲ್ಲಿ "ಕಟ್ಟೆ", ಒಂಬತ್ತನೇ ಪುಟದಲ್ಲಿ "ಸರೋವರ" ಅಂತ ಬರ್ದಿದ್ದ, ಮೂರೂ ಒಂದೇ ಕೆರೆ. ನಾನೂ ಅವಸರದಲ್ಲಿ ನೋಡಿ ಬಿಟ್ಬಿಟ್ಟೆ. ವರದಿ ಹೋದ ಆಫೀಸಿನಿಂದ ಇಂಜಿನಿಯರ್ ಒಬ್ರು ಫೋನ್ ಮಾಡಿ "ಕೆರೆಗೆ ಎಸ್ಟಿಮೇಟ್ ಮಾಡ್ತೀವಿ, ಆ ಕಟ್ಟೆಗೆ ಬೇರೆ ಮಾಡ್ಬೇಕಾ, ಅದು ಯಾವ ಸರ್ವೆ ನಂಬರಲ್ಲಿ ಬರತ್ತೆ?" ಅಂದ್ರು. ಅವರದ್ದೇನೂ ತಪ್ಪಿಲ್ಲ. ವರದಿ ಓದೋರು ಪದ ಬದಲಾದ್ರೆ ವಸ್ತುನೂ ಬದಲಾಯ್ತು ಅಂತಲೇ ತಿಳ್ಕೊತಾರೆ.

ಆವತ್ತಿಂದ ನಾನು ತಿದ್ದೋ ಕ್ರಮ ಬದಲಾಯಿಸ್ಕೊಂಡೆ. ಸಮಾನಾರ್ಥಕ ಪದ ಹುಡುಕೋದು ಕೊನೇ ಕೆಲಸ, ಅದಕ್ಕಿಂತ ಮುಂಚೆ ಮಾಡೋಕೆ ಬೇರೆ ಬೇಕಾದಷ್ಟಿದೆ. ಕನ್ನಡದಲ್ಲಿ ಒಂದು ಪದನ ಸುಮ್ನೆ ಬಿಟ್ಬಿಡೋಕೆ ಇರೋಷ್ಟು ಅನುಕೂಲನ ನಾವು ವರದಿ ಬರೆಯೋವಾಗ ಮರೆತೇ ಬಿಡ್ತೀವಿ, ಮಾತಾಡೋವಾಗ ಮಾತ್ರ ಸಲೀಸಾಗಿ ಬಳಸ್ತೀವಿ. ಕೆಳಗೆ ಹೇಳಿರೋದೆಲ್ಲ ಕೆರೆ ವರದಿ ಇಟ್ಕೊಂಡೇ ಹೇಳಿದೀನಿ.

ಹಂತ 1: ಎಲ್ಲೆಲ್ಲಿ ಇದೆ ಅಂತ ಮೊದಲು ಕಣ್ಣಲ್ಲಿ ನೋಡಿ

ಮೊದಲ ಡ್ರಾಫ್ಟ್ ಬರೆಯೋವಾಗ ಈ ಚಿಂತೆನೇ ಬೇಡ, ಎಷ್ಟು ಸಲ ಬಂದ್ರೂ ಬರ್ಲಿ. ಬರೆದು ಮುಗಿದ ಮೇಲೆ ಫೈಲಲ್ಲಿ `Ctrl+F` ಒತ್ತಿ "ಕೆರೆ" ಅಂತ ಹುಡುಕಿ, ಎಲ್ಲವೂ ಬಣ್ಣದಲ್ಲಿ ಕಾಣೋ ಹಾಗೆ ಮಾಡ್ಕೊಳ್ಳಿ. ಒಟ್ಟು ಸಂಖ್ಯೆಗೆ ತಲೆ ಕೆಡಿಸ್ಕೊಬೇಡಿ, ಇಪ್ಪತ್ತು ಪುಟದಲ್ಲಿ ನೂರಾರು ಸಲ ಬಂದ್ರೂ ಹರಡಿಕೊಂಡಿದ್ರೆ ಯಾರಿಗೂ ಗೊತ್ತೇ ಆಗಲ್ಲ. ನೋಡಬೇಕಾಗಿರೋದು ಗುಂಪು ಕಟ್ಟಿರೋ ಜಾಗ. ಒಂದೇ ಪ್ಯಾರಾದಲ್ಲಿ ಐದಾರು ಕಡೆ ಬಣ್ಣ ಕಂಡ್ರೆ ಅಲ್ಲಿ ಕೆಲಸ ಇದೆ ಅಂತ ಅರ್ಥ.

ಹುಡುಕೋವಾಗ ಎರಡು ತರಲೆ ಇವೆ. ಫೈಲು ಹಳೇ ನುಡಿ ಅಥವಾ ಬರಹ ಸಾಫ್ಟ್‌ವೇರಿನ ಯೂನಿಕೋಡ್ ಅಲ್ಲದ ಫಾಂಟಲ್ಲಿ ಇದ್ರೆ, ನೀವು ಯೂನಿಕೋಡಲ್ಲಿ ಟೈಪ್ ಮಾಡಿದ "ಕೆರೆ" ಅದರಲ್ಲಿ ಒಂದೂ ಸಿಗಲ್ಲ. ಸೊನ್ನೆ ಬಂತು ಅಂತ ಖುಷಿ ಪಡ್ಬೇಡಿ, ಮೊದಲು ಯೂನಿಕೋಡಿಗೆ ಬದಲಾಯಿಸ್ಕೊಂಡು ಆಮೇಲೆ ಹುಡುಕಿ. ಇನ್ನೊಂದು, ಸಂಬಂಧ ಇಲ್ಲದ್ದೂ ಸಿಗತ್ತೆ. "ಅರಸೀಕೆರೆ ತಾಲ್ಲೂಕು" ಸಿಗತ್ತೆ, ಮಣ್ಣನ್ನ "ಕೆರೆದು" ಅಂತ ಬರ್ದಿದ್ರೆ ಅದೂ ಸಿಗತ್ತೆ. ಆದ್ರೆ "ಹೊಸಗೆರೆ" ಥರದ ಹೆಸರು ಸಿಗಲ್ಲ, ಯಾಕಂದ್ರೆ ಅಲ್ಲಿ ಸಂಧಿಯಾಗಿ ಕಕಾರ ಗಕಾರ ಆಗಿದೆ.

ದಯವಿಟ್ಟು `Replace All` ಮಾತ್ರ ಒತ್ತಬೇಡಿ. "ಕೆರೆ" ಎಕಾರದಲ್ಲಿ ಮುಗಿಯೋ ಪದ, ಅದಕ್ಕೆ "ಯ" ಸೇರಿ ಕೆರೆಯ, ಕೆರೆಯಲ್ಲಿ ಅಂತ ಆಗತ್ತೆ. "ಜಲಮೂಲ" ಅಕಾರದಲ್ಲಿ ಮುಗಿಯತ್ತೆ, ಅದು ಜಲಮೂಲದ, ಜಲಮೂಲಕ್ಕೆ ಅಂತ ಆಗಬೇಕು. ಒಟ್ಟಿಗೆ ಬದಲಾಯಿಸಿದ್ರೆ "ಜಲಮೂಲಯ ಏರಿ", "ಜಲಮೂಲಗೆ ನೀರು" ಅಂತ ಬಂದು ಕೂರತ್ತೆ, ಜೊತೆಗೆ ಅರಸೀಕೆರೆ ಹೋಗಿ "ಅರಸೀಜಲಮೂಲ" ಆಗತ್ತೆ. ನಗಬೇಡಿ, ನಾನು ಕಣ್ಣಾರೆ ಕಂಡಿದೀನಿ.

ಹಂತ 2: ಪದನೇ ಬೇಡ ಅನ್ನೋ ಕಡೆ ಬಿಟ್ಬಿಡಿ

ಇದೇ ಅತಿ ದೊಡ್ಡ ಹಂತ, ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ ಮುಗಿಯತ್ತೆ. ಉದಾಹರಣೆಗೆ ಒಂದು ಪ್ಯಾರಾ ಇಟ್ಕೊಳ್ಳೋಣ. ಊರು, ಅಳತೆ ಎಲ್ಲ ನಾನೇ ಉದಾಹರಣೆಗೆ ಅಂತ ಇಟ್ಟಿರೋದು, ಆದ್ರೆ ಬರವಣಿಗೆ ಶೈಲಿ ಮಾತ್ರ ನನ್ನ ಮೇಜಿಗೆ ಬರೋ ವರದಿಗಳದ್ದೇ.

> ದೊಡ್ಡಕೆರೆಯು ಗ್ರಾಮದ ಪೂರ್ವಕ್ಕಿದೆ. ಕೆರೆಯ ವಿಸ್ತೀರ್ಣ 46 ಎಕರೆ. ಕೆರೆಗೆ ಎರಡು ಕಡೆಯಿಂದ ಹಳ್ಳಗಳು ಸೇರುತ್ತವೆ. ಕೆರೆಯ ಏರಿಯ ಉದ್ದ 380 ಮೀಟರ್. ಕೆರೆಯ ಏರಿಯ ಮೇಲೆ ಜಾಲಿ ಬೆಳೆದಿದೆ. ಕೆರೆಗೆ ಎರಡು ತೂಬುಗಳಿದ್ದು ಕೆರೆಯ ಉತ್ತರದ ತೂಬು ಕೆಟ್ಟಿದೆ. ಕೆರೆಯಲ್ಲಿ ಹೂಳು ತುಂಬಿರುವುದರಿಂದ ಕೆರೆಯಲ್ಲಿ ನೀರು ನಿಲ್ಲುವ ಅವಧಿ ಕಡಿಮೆಯಾಗಿದೆ. ಗ್ರಾಮ ಪಂಚಾಯಿತಿಯು ಕೆರೆಯ ಹೂಳು ತೆಗೆಸಲು ಕ್ರಮ ಕೈಗೊಳ್ಳಬೇಕು. ಪಕ್ಕದ ಚಿಕ್ಕಕೆರೆಯು ಈ ಕೆರೆಯ ಕೋಡಿ ನೀರಿನಿಂದ ತುಂಬುತ್ತದೆ.

ಒಂಬತ್ತು ವಾಕ್ಯ, ಅದರಲ್ಲಿ ಹನ್ನೆರಡು ಸಲ ಕೆರೆ. ಇದನ್ನೇ ಊರಿನವರೊಬ್ರು ಏರಿ ಮೇಲೆ ನಿಂತು ನಿಮಗೆ ಹೇಳ್ತಿದಾರೆ ಅಂದ್ಕೊಳ್ಳಿ. "ದೊಡ್ಡಕೆರೆ ಸ್ವಾಮಿ, ನಲವತ್ತಾರು ಎಕರೆ ಐತೆ, ಎರಡು ಕಡೆಯಿಂದ ಹಳ್ಳ ಬಂದು ಸೇರ್ತವೆ, ಏರಿ ಮೇಲೆಲ್ಲ ಜಾಲಿ ಬೆಳ್ಕೊಂಡೈತೆ" ಅಂತಾರೆ. ಒಂದ್ಸಲ ಹೆಸರು ಹೇಳಿ ಆಮೇಲೆ ಸುಮ್ನಾಗ್ತಾರೆ, ನಿಮಗೆ ಎಲ್ಲೂ ಗೊಂದಲ ಆಗಲ್ಲ. ಇಂಗ್ಲಿಷಲ್ಲಿ ಹೆಚ್ಚುಕಮ್ಮಿ ಪ್ರತಿ ವಾಕ್ಯಕ್ಕೂ ಒಂದು ಕರ್ತೃ ಇರಲೇಬೇಕು, ನಮಗೆ ಆ ಕಟ್ಟುಪಾಡಿಲ್ಲ. ಇಂಗ್ಲಿಷ್ ಟೆಂಪ್ಲೇಟ್ ನೋಡ್ಕೊಂಡು ಬರೆಯೋದ್ರಿಂದಲೇ ಈ ರೋಗ ಬಂದಿರೋದು ಅಂತ ನನ್ನ ಗುಮಾನಿ.

ಈಗ ಅದೇ ಪ್ಯಾರಾ ತಿದ್ದಿದ ಮೇಲೆ:

> ಗ್ರಾಮದ ಪೂರ್ವಕ್ಕಿರುವ ದೊಡ್ಡಕೆರೆಯ ವಿಸ್ತೀರ್ಣ 46 ಎಕರೆ. ಎರಡು ಕಡೆಯಿಂದ ಹಳ್ಳಗಳು ಬಂದು ಸೇರುತ್ತವೆ. ಏರಿಯ ಉದ್ದ 380 ಮೀಟರ್, ಅದರ ಮೇಲೆ ಜಾಲಿ ಬೆಳೆದಿದೆ. ಇರುವ ಎರಡು ತೂಬುಗಳ ಪೈಕಿ ಉತ್ತರದ್ದು ಕೆಟ್ಟಿದೆ. ಕೆರೆಯಲ್ಲಿ ಹೂಳು ತುಂಬಿರುವುದರಿಂದ ನೀರು ನಿಲ್ಲುವ ಅವಧಿ ಕಡಿಮೆಯಾಗಿದೆ. ಈ ಹೂಳು ತೆಗೆಸಲು ಗ್ರಾಮ ಪಂಚಾಯಿತಿ ಕ್ರಮ ಕೈಗೊಳ್ಳಬೇಕು. ಪಕ್ಕದ ಚಿಕ್ಕಕೆರೆ ತುಂಬುವುದು ದೊಡ್ಡಕೆರೆಯ ಕೋಡಿ ನೀರಿನಿಂದ.

ಹನ್ನೆರಡು ಹೋಗಿ ನಾಲ್ಕಾಯ್ತು. ಗಮನಿಸಿ, ಕೆರೆ ಅನ್ನೋದಕ್ಕೆ ಬದಲಿ ಪದ ಒಂದೂ ಹಾಕಿಲ್ಲ. ಏನೇನು ಮಾಡಿದ್ವಿ ನೋಡೋಣ.

ಮೊದಲನೇ ಎರಡು ವಾಕ್ಯಗಳನ್ನ "ಪೂರ್ವಕ್ಕಿರುವ ದೊಡ್ಡಕೆರೆ" ಅಂತ ಒಂದಕ್ಕೊಂದು ಸೇರಿಸಿದ್ವಿ. ಹೀಗೆ ಕ್ರಿಯಾಪದನೇ ವಿಶೇಷಣ ಮಾಡಿ ನಾಮಪದಕ್ಕೆ ಮೊದಲು ಕೂರಿಸೋದು ಕನ್ನಡಕ್ಕೆ ನೀರು ಕುಡಿದಷ್ಟು ಸುಲಭ, ಒಂದು ಸಲಕ್ಕೆ ಒಂದು ಕೆರೆ ಉಳೀತು. ಆದ್ರೆ ಅದೇ ಚೆನ್ನಾಗಿದೆ ಅಂತ ನಾಲ್ಕೈದು ವಾಕ್ಯಗಳನ್ನ ಒಂದಕ್ಕೆ ತುರುಕಿ "ಗ್ರಾಮದ ಪೂರ್ವಕ್ಕಿರುವ 46 ಎಕರೆ ವಿಸ್ತೀರ್ಣದ ಎರಡು ಹಳ್ಳ ಸೇರುವ ಹೂಳು ತುಂಬಿರುವ ದೊಡ್ಡಕೆರೆ" ಅಂದ್ರೆ ಓದೋರು ದಾರೀಲೇ ಉಸಿರು ಬಿಡ್ತಾರೆ. ಒಂದು ನಾಮಪದಕ್ಕೆ ಒಂದು, ಹೆಚ್ಚಂದ್ರೆ ಎರಡು.

ಆಮೇಲೆ ಏರಿ, ತೂಬು, ಕೋಡಿ. ಇವು ಕೆರೆಯ ಭಾಗಗಳು, ಇವಕ್ಕೆ "ಕೆರೆಯ" ಅಂತ ಮುಂದೆ ಹಾಕೋದೇ ಬೇಡ. ತೂಬು ಅಂದ ತಕ್ಷಣ ಯಾವುದರ ತೂಬು ಅಂತ ಓದೋರಿಗೆ ಗೊತ್ತು. ಅಂಗಳ, ಅಚ್ಚುಕಟ್ಟು, ಹೂಳು, ರಾಜಕಾಲುವೆ ಎಲ್ಲವೂ ಹಾಗೇ. ನಿಮ್ಮ ವರದಿ ಬೇರೆ ವಿಷಯದ್ದಾದ್ರೂ ಇದೇ ಸೂತ್ರ, ಶಾಲೆ ಬಗ್ಗೆ ಬರೆಯೋವಾಗ "ಶಾಲೆಯ ಬಿಸಿಯೂಟದ ಅಡುಗೆಮನೆ" ಅಂತ ಪ್ರತಿ ಸಲ ಬೇಕಿಲ್ಲ, ಒಂದ್ಸಲ ಆದ್ಮೇಲೆ "ಅಡುಗೆಮನೆ" ಸಾಕು. ಒಂದು ಎಚ್ಚರ, ವರದಿಯಲ್ಲಿ ಎರಡು ಕೆರೆ ಇದ್ದು ಎರಡಕ್ಕೂ ಏರಿ ಇದ್ರೆ ಯಾವುದರ ಏರಿ ಅಂತ ಹೇಳಲೇಬೇಕು. ಮೇಲಿನ ಪ್ಯಾರಾದಲ್ಲಿ ಚಿಕ್ಕಕೆರೆ ಕೊನೇ ವಾಕ್ಯದಲ್ಲಿ ಬಂತು, ಅದಕ್ಕೇ ಅಲ್ಲಿವರೆಗೆ ಧೈರ್ಯವಾಗಿ "ಏರಿ" ಅಂತ ಬಿಟ್ವಿ.

"ಉತ್ತರದ್ದು" ಅನ್ನೋದನ್ನೂ ನೋಡಿ. ದೊಡ್ಡದು, ಹಳೇದು, ಕೆಟ್ಟಿರೋದು, ಉತ್ತರದ್ದು, ಮೊದಲನೆಯದು, ಹೀಗೆ ಯಾವ ಗುಣಕ್ಕಾದ್ರೂ ಒಂದು "-ದು" ಅಂಟಿಸಿದ್ರೆ ಅದೇ ನಾಮಪದದ ಕೆಲಸ ಮಾಡತ್ತೆ. ಎರಡು ವಸ್ತುಗಳನ್ನ ಹೋಲಿಸೋವಾಗ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ: "ಎರಡು ಕೆರೆಗಳ ಪೈಕಿ ದೊಡ್ಡದರಲ್ಲಿ ನೀರಿದೆ, ಚಿಕ್ಕದು ಒಣಗಿದೆ."

ಬಿಡಬಾರದ ಕಡೆ ಯಾವುದು? ಕರ್ತೃ ಬದಲಾದ ಕಡೆ. "ದೊಡ್ಡಕೆರೆ ತುಂಬಿತ್ತು. ಪಂಚಾಯಿತಿ ತೂಬು ತೆರೆಸಲಿಲ್ಲ. ಮರುದಿನ ಒಡೆಯಿತು." ಏನು ಒಡೆಯಿತು, ಕೆರೆನಾ, ತೂಬಾ? ಮನುಷ್ಯರ ಬಗ್ಗೆ ಆದ್ರೆ ಬಂದನು, ಬಂದಳು, ಬಂದರು ಅಂತ ಕ್ರಿಯಾಪದದ ಬಾಲ ನೋಡೇ ಯಾರು ಅಂತ ಕಂಡುಹಿಡೀಬಹುದು, ನಿರ್ಜೀವ ವಸ್ತುಗಳಿಗೆಲ್ಲ ಒಂದೇ ಬಾಲ. ಕೆರೆಯೂ ಒಡೆಯಿತು, ತೂಬೂ ಒಡೆಯಿತು, ಪೈಪೂ ಒಡೆಯಿತು. ಅದಕ್ಕೆ ನಡುವೆ ಬೇರೆ ಕರ್ತೃ ಬಂದು ಹೋದ್ರೆ ಹೆಸರು ವಾಪಸ್ ಹಾಕಿ.

ಹಂತ 3: ಅದು, ಇದು, ತನ್ನ, ಅಲ್ಲಿ

ಪೂರ್ತಿ ಬಿಡೋಕಾಗದ ಕಡೆ ಸರ್ವನಾಮ. ಇಲ್ಲಿ ಜನ ಎಡವೋದು "ಅದು" ಮತ್ತೆ "ಇದು" ಎರಡನ್ನೂ ಒಂದೇ ಅಂದ್ಕೊಂಡು. ನನಗೆ ಕಂಡ ಹಾಗೆ ಬರವಣಿಗೆಯಲ್ಲಿ "ಇದು", "ಇದರಿಂದ" ಅಂದ್ರೆ ಓದೋರು ಈಗಷ್ಟೇ ಹೇಳಿದ ಇಡೀ ಸಂಗತಿನ ತಗೋತಾರೆ, "ಅದು", "ಅದರ" ಅಂದ್ರೆ ಒಂದು ವಸ್ತುನ ಹುಡುಕ್ತಾರೆ. "ಕೆರೆಗೆ ಊರಿನ ಚರಂಡಿ ನೀರು ಸೇರುತ್ತಿದೆ. ಇದರಿಂದ ಮೀನು ಸಾಯುತ್ತಿವೆ." ಇಲ್ಲಿ ಇದರಿಂದ ಅಂದ್ರೆ ಚರಂಡಿ ಸೇರ್ತಿರೋ ವಿಷಯ, ಸರಿಯಾಗಿದೆ. ಆದ್ರೆ "ಇದರ ನೀರು ಕುಡಿಯಲು ಯೋಗ್ಯವಲ್ಲ" ಅಂತ ಮುಂದುವರೆಸಿದ್ರೆ ಚರಂಡಿದಾ ಕೆರೆದಾ ಅಂತ ಒಂದು ಕ್ಷಣ ತಡವರಿಸ್ಬೇಕಾಗತ್ತೆ. ಅಲ್ಲಿ "ಕೆರೆ ನೀರು" ಅಂತಲೇ ಬರೀರಿ, ನಷ್ಟ ಏನಿಲ್ಲ.

ಅನುಮಾನ ಬಂದ ಕಡೆ ಬರೀ "ಇದು" ಬಿಟ್ಟು "ಈ" ಜೊತೆ ಒಂದು ನಾಮಪದ ಇಡೋದು ಸುರಕ್ಷಿತ: ಈ ಹೂಳು, ಈ ಒತ್ತುವರಿ, ಈ ಬಿರುಕು. ತಿದ್ದಿದ ಪ್ಯಾರಾದಲ್ಲಿ "ಅದನ್ನು ತೆಗೆಸಲು" ಅಂತ ಹಾಕದೆ "ಈ ಹೂಳು ತೆಗೆಸಲು" ಅಂತ ಹಾಕಿದ್ದು ಇದಕ್ಕೇ, ಹಿಂದಿನ ವಾಕ್ಯದ ಕೊನೇಲಿ "ಅವಧಿ" ಅಂತ ಇತ್ತಲ್ಲ, "ಅದನ್ನು" ಅಂದಿದ್ರೆ ಓದೋರು ಮೊದಲು ಆ ಅವಧಿನೇ ತೆಗೆಸೋಕೆ ಹೋಗ್ತಿದ್ರು.

"ತನ್ನ" ಅನ್ನೋದು ನಮಗೆ ಸಿಕ್ಕಿರೋ ಬಹಳ ಒಳ್ಳೇ ಸಾಧನ, ವರದಿಗಳಲ್ಲಿ ಯಾರೂ ಬಳಸಲ್ಲ. "ಪಂಚಾಯಿತಿಯು ಕೆರೆಯನ್ನು ಅದರ ವ್ಯಾಪ್ತಿಗೆ ಸೇರಿಸಿಕೊಂಡಿತು" ಅಂದ್ರೆ ಯಾರ ವ್ಯಾಪ್ತಿ ಅಂತ ಯೋಚಿಸ್ಬೇಕು. "ತನ್ನ ವ್ಯಾಪ್ತಿಗೆ" ಅಂದ್ರೆ ಕರ್ತೃವಿಗೆ ಗಂಟು ಬಿತ್ತು, ಪಂಚಾಯಿತಿದೇ. ಎರಡು ನಿರ್ಜೀವ ನಾಮಪದ ಒಂದೇ ವಾಕ್ಯದಲ್ಲಿದ್ದು ಎರಡಕ್ಕೂ "ಅದು" ಹೊಂದತ್ತೆ ಅನ್ನೋ ಕಡೆ ತನ್ನ ಮತ್ತೆ ಅದರ ನಡುವಿನ ಈ ವ್ಯತ್ಯಾಸ ಉಪಯೋಗಕ್ಕೆ ಬರತ್ತೆ.

ಕೆರೆ ಒಂದು ಜಾಗ ಕೂಡ ಆಗಿರೋದ್ರಿಂದ ಅಲ್ಲಿ, ಅಲ್ಲಿಗೆ, ಅಲ್ಲಿಂದ ಅನ್ನೋವೂ ಸರ್ವನಾಮದ ಕೆಲಸ ಮಾಡ್ತವೆ. "ಕೆರೆಯಲ್ಲಿ ಮೀನುಗಾರಿಕೆ ನಡೆಯುತ್ತಿದ್ದು ಕೆರೆಯಿಂದ ಪಂಚಾಯಿತಿಗೆ ಆದಾಯವಿದೆ" ಅನ್ನೋದರಲ್ಲಿ ಎರಡನೇದನ್ನ "ಅಲ್ಲಿಂದ" ಅಂತ ಮಾಡಬಹುದು. "ಅದರಿಂದ" ಅಂತ ಹಾಕಿದ್ರೆ ಅರ್ಥ ಸ್ವಲ್ಪ ಜಾರತ್ತೆ ನೋಡಿ, ಆದಾಯ ಬರ್ತಿರೋದು ಕೆರೆಯಿಂದನಾ ಮೀನುಗಾರಿಕೆಯಿಂದನಾ? ಇಲ್ಲಿ ಎರಡೂ ಒಂದೇ ಆದ್ದರಿಂದ ತೊಂದರೆ ಇಲ್ಲ, ಆದ್ರೆ ಒಂದ್ಸಲ ಕೇಳ್ಕೊಂಡೇ ಮುಂದೆ ಹೋಗಿ.

ಇನ್ನು "ಸದರಿ". ಆಫೀಸ್ ಭಾಷೆ ರೂಢಿ ಆದವರು "ಸದರಿ ಕೆರೆಯು", "ಸದರಿ ಕೆರೆಯ" ಅಂತ ಬರೀತಾರೆ, ಅದರಿಂದ ಕೆರೆನೂ ಕಮ್ಮಿ ಆಗಲ್ಲ, ಮೇಲೆ ಸದರಿ ಅನ್ನೋ ಇನ್ನೊಂದು ಮರುಕಳಿಕೆ ಶುರುವಾಗತ್ತೆ. ಕೋರ್ಟ್ ಕಾಗದ ಅಲ್ಲದಿದ್ರೆ "ಈ" ಸಾಕು.

ಹಂತ 4: ಸಮಾನಾರ್ಥಕ ಪದ, ಆದ್ರೆ ಪಟ್ಟಿ ಮಾಡ್ಕೊಂಡು

ಈಗ ಬರ್ತೀವಿ ಅಪಾಯದ ಜಾಗಕ್ಕೆ. ವರದಿ ಶುರು ಮಾಡೋಕೆ ಮುಂಚೆ ಒಂದು ಹಾಳೆ ತಗೊಂಡು, ನಿಮಗೆ ಹೊಳೆಯೋ ಬದಲಿ ಪದಗಳನ್ನೆಲ್ಲ ಬರೆದು, ಪ್ರತಿಯೊಂದರ ಮುಂದೆ "ನಮ್ಮ ವಸ್ತುಗೆ ಇದು ನಿಜವಾಗ್ಲೂ ಹೊಂದತ್ತಾ, ಓದೋರು ಇದನ್ನ ಬೇರೆ ವಸ್ತು ಅಂದ್ಕೊತಾರಾ" ಅಂತ ಕೇಳಿ. ಕೆರೆಗೆ ನಾನು ಮಾಡಿದ್ರೆ ಹೀಗೆ ಬರತ್ತೆ.

ಕಟ್ಟೆ ಮತ್ತೆ ಕುಂಟೆ ಎರಡೂ ಕೆರೆಗಿಂತ ಚಿಕ್ಕವು, ದಾಖಲೆಗಳಲ್ಲೂ ಬೇರೆ ಬೇರೆಯಾಗೇ ಇರ್ತವೆ. ಅದರ ಮೇಲೆ ಕಟ್ಟೆ ಅಂದ್ರೆ ಅರಳಿಕಟ್ಟೆನೂ ಹೌದು. ಕುಂಟೆ ಅಂದ್ರೆ ಕೋಲಾರದ ಕಡೆ ನೀರು ನಿಲ್ಲೋ ಜಾಗ, ಆದ್ರೆ ಎಷ್ಟೋ ಕಡೆ ರೈತರಿಗೆ ಹೊಲದಲ್ಲಿ ಎತ್ತು ಕಟ್ಟಿ ಹೊಡೆಯೋ ಕುಂಟೆನೇ ಮೊದಲು ನೆನಪಾಗೋದು. ಕೊಳ, ಕಲ್ಯಾಣಿ ಅಂದ್ರೆ ಮೆಟ್ಟಿಲು ಕಟ್ಟಿದ ದೇವಸ್ಥಾನದ ಪುಷ್ಕರಣಿ ಕಣ್ಣಿಗೆ ಬರತ್ತೆ. ಜಲಾಶಯ ಅಂದ್ರೆ ನಮ್ಮ ಕಡೆ ಅಣೆಕಟ್ಟಿನ ಹಿಂದಿನ ನೀರು, ಕೆಆರ್‌ಎಸ್ ಥರದ್ದು. ನಲವತ್ತಾರು ಎಕರೆ ಕೆರೆಗೆ ಜಲಾಶಯ ಅಂದ್ರೆ ಊರವರೇ ನಗ್ತಾರೆ. ಸರೋವರ ಅಂದ್ರೆ ಒಂಥರಾ ತಾವರೆ ಹಂಸದ ಚಿತ್ರ, ತಾನಾಗೇ ಆದ ನೀರಿನ ಜಾಗ ಅನ್ನೋ ಭಾವನೆನೂ ಇದೆ, ನಮ್ಮ ಕೆರೆಗಳಾದ್ರೋ ಬಹುಪಾಲು ಏರಿ ಹಾಕಿ ಮನುಷ್ಯರೇ ಕಟ್ಟಿರೋವು. ತಟಾಕ, ಕಾಸಾರ ಕಾವ್ಯಕ್ಕೆ ಬಿಡಿ.

ಪಟ್ಟಿ ಪೂರ್ತಿ ಹೊಡೆದು ಹಾಕಿದ ಮೇಲೆ ಏನುಳೀತು? ಏನೂ ಇಲ್ಲ. ಕೆರೆಗೆ ವರದಿಯಲ್ಲಿ ಬಳಸಬಹುದಾದ ನಿಜವಾದ ಸಮಾನಾರ್ಥಕ ಪದ ಒಂದೂ ಇಲ್ಲ. ಎಲ್ಲ ಪದಗಳಿಗೂ ಹೀಗೇ ಆಗತ್ತೆ ಅಂತಲ್ಲ. ರಸ್ತೆ ಕೆಲಸದ ವರದಿ ಆದ್ರೆ ಕೆಲಸ, ಕಾಮಗಾರಿ ಎರಡನ್ನೂ ಆರಾಮಾಗಿ ಬದಲಿಸ್ತಾ ಹೋಗಬಹುದು. ರೈತ, ಬೇಸಾಯಗಾರ ಕೂಡ ನಡೆಯತ್ತೆ, ಆದ್ರೆ ರೈತ ಮತ್ತೆ ಹಿಡುವಳಿದಾರ ಬೇರೆ, ಒಬ್ಬ ಹೊಲ ಉಳ್ತಾನೆ, ಇನ್ನೊಬ್ಬನ ಹೆಸರು ಪಹಣಿಯಲ್ಲಿದೆ, ಇಬ್ರೂ ಒಬ್ಬರೇ ಆಗಿರಬೇಕು ಅಂತಿಲ್ಲ.

ಹೆಸರಿನ ವಿಷಯದಲ್ಲಿ ಇನ್ನೊಂದು ಬಲೆ ಇದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರ ಅಂತಲೂ ಹೆಸರು. ದಾವಣಗೆರೆ ಕಡೆಯವರಿಗೆ ಎರಡೂ ಒಂದೇ ಅಂತ ಗೊತ್ತು, ಬೀದರಿನವರಿಗೆ ಗೊತ್ತಿರ್ಬೇಕಂತಿಲ್ಲ. ಒಂದು ಪ್ಯಾರಾದಲ್ಲಿ ಸೂಳೆಕೆರೆ, ಮುಂದಿನದರಲ್ಲಿ ಶಾಂತಿಸಾಗರ ಅಂತ ಬರೆದ್ರೆ ಅವರ ಲೆಕ್ಕದಲ್ಲಿ ಎರಡು ಕೆರೆ ಆಯ್ತು. ಎರಡು ಹೆಸರಿದ್ರೆ ಮೊದಲನೇ ಸಲ "ಶಾಂತಿಸಾಗರ ಎಂದೂ ಕರೆಯುವ ಸೂಳೆಕೆರೆ" ಅಂತ ಜೋಡಿಸಿ ಹೇಳಿ, ಆಮೇಲೆ ಒಂದೇ ಹೆಸರಿಗೆ ಅಂಟ್ಕೊಳ್ಳಿ.

ಹಂತ 5: ದೊಡ್ಡ ಛತ್ರಿಯ ಪದಗಳು

ಸಮಾನಾರ್ಥಕ ಸಿಗದಿದ್ರೂ ವಿಶಾಲಾರ್ಥದ ಪದ ಸಿಗತ್ತೆ. ಕೆರೆ ಒಂದು ಜಲಮೂಲ, ಒಂದು ನೀರಾವರಿ ಮೂಲ, ಒಂದು ಸರ್ಕಾರಿ ಆಸ್ತಿ, ಕಂದಾಯ ದಾಖಲೆ ಲೆಕ್ಕದಲ್ಲಿ ಒಂದು ಸರ್ವೆ ನಂಬರ್. ಈ ನಾಲ್ಕರಲ್ಲಿ ಯಾವುದು ಯಾವಾಗ ಅನ್ನೋದೇ ಪ್ರಶ್ನೆ, ಉತ್ತರ ಸುಲಭ ಇದೆ. ಆ ಪ್ಯಾರಾದಲ್ಲಿ ಕೆರೆನ ಯಾವ ಕಣ್ಣಿಂದ ನೋಡ್ತಿದೀರೋ ಆ ಪದ ಹಾಕಿ. ಕುಡಿಯೋ ನೀರಿನ ಬಗ್ಗೆ ಮಾತಾಡ್ತಿದ್ರೆ "ಈ ಜಲಮೂಲ", ಅಚ್ಚುಕಟ್ಟಿನ ಬೆಳೆ ಬಗ್ಗೆ ಆದ್ರೆ "ಈ ನೀರಾವರಿ ಮೂಲ", ಒತ್ತುವರಿ ಬಗ್ಗೆ ಆದ್ರೆ "ಈ ಸರ್ಕಾರಿ ಆಸ್ತಿ". ಹೀಗೆ ಹಾಕಿದಾಗ ಪದ ಬದಲಾಗಿದ್ದಕ್ಕೆ ಒಂದು ಕಾರಣ ಇರತ್ತೆ, ಓದೋರಿಗೆ ಹೊಸ ಮಾಹಿತಿನೂ ಸಿಕ್ಕತ್ತೆ. ಉದಾಹರಣೆಗೆ:

> ದೊಡ್ಡಕೆರೆಯ ಅಂಗಳದಲ್ಲಿ 3 ಎಕರೆ 12 ಗುಂಟೆ ಒತ್ತುವರಿಯಾಗಿದೆ. ಈ ಸರ್ಕಾರಿ ಆಸ್ತಿಗೆ ಗಡಿಕಲ್ಲು ನೆಟ್ಟಿಲ್ಲ.

"ಸರ್ಕಾರಿ ಆಸ್ತಿ" ಅಂದಿದ್ರಿಂದ ಯಾಕೆ ಗಡಿಕಲ್ಲು ಬೇಕಿತ್ತು ಅನ್ನೋದೂ ಹೇಳಿದ ಹಾಗಾಯ್ತು. ಅದೇ ಜಾಗದಲ್ಲಿ "ಈ ಜಲಮೂಲಕ್ಕೆ ಗಡಿಕಲ್ಲು ನೆಟ್ಟಿಲ್ಲ" ಅಂದಿದ್ರೆ ಬರೀ ಪದ ಬದಲಾಯಿಸೋಕೆ ಬದಲಾಯಿಸಿದ ಹಾಗೆ ಕಾಣ್ತಿತ್ತು.

ನಿಯಮ ಅಂತ ಇಟ್ಕೊಳ್ಳೋದಾದ್ರೆ ಎರಡೇ. ಮೊದಲನೇದು, ಹೆಸರು ಮೊದಲು, ಛತ್ರಿ ಪದ ಆಮೇಲೆ, ಜೊತೆಗೆ "ಈ" ಇರಲೇಬೇಕು. "ಜಲಮೂಲದಲ್ಲಿ ಹೂಳಿದೆ" ಅಂತ ಒಂಟಿಯಾಗಿ ಬಂದ್ರೆ ಯಾವುದು ಅಂತ ಯಾರಿಗೂ ತಿಳಿಯಲ್ಲ, ಬಾವಿ, ಹಳ್ಳ, ಬೋರ್‌ವೆಲ್ ಎಲ್ಲ ಜಲಮೂಲಗಳೇ. ಅದೇ ಕಾರಣಕ್ಕೆ, ಒಂದೇ ಪ್ಯಾರಾದಲ್ಲಿ ಕೆರೆ ಜೊತೆ ಬಾವಿನೂ ಬಂದಿದ್ರೆ "ಈ ಜಲಮೂಲ" ಅನ್ನೋದು ಕೆಲಸಕ್ಕೆ ಬರಲ್ಲ.

ಎರಡನೇದು, ಅಂಕಿ ಪಕ್ಕದಲ್ಲಿ ಪದ ಬದಲಿಸಬೇಡಿ. "ಹೋಬಳಿಯಲ್ಲಿ 14 ಕೆರೆಗಳಿವೆ" ಅಂತ ಎಣಿಸಿ ಬಂದು, ಮುಂದಿನ ಪುಟದಲ್ಲಿ ಚೆಂದಕ್ಕೆ "14 ಜಲಮೂಲಗಳ ಪೈಕಿ 5 ಬತ್ತಿವೆ" ಅಂತ ಬರೆದ್ರೆ ಅದು ತಪ್ಪು ಮಾಹಿತಿ. ಬಾವಿ ಕುಂಟೆ ಎಲ್ಲ ಸೇರಿ ಹದಿನಾಲ್ಕು ಅಂತ ಆಯ್ತು. ಯಾರೋ ಅದನ್ನ ಹಾಗೇ ಎತ್ಕೊಂಡು ಇನ್ನೊಂದು ವರದಿಗೆ ಹಾಕ್ತಾರೆ, ಅಲ್ಲಿಗೆ ಮುಗೀತು.

ಹಂತ 6: ತೆಗೆದಿದ್ದನ್ನ ಕೆಲವು ಕಡೆ ವಾಪಸ್ ಹಾಕಿ

ಇದನ್ನ ಬಿಟ್ರೆ ಹಿಂದೆ ಮಾಡಿದ್ದೆಲ್ಲ ಕೈಕೊಡತ್ತೆ. ವರದಿನ ಯಾರೂ ಕಾದಂಬರಿ ಥರ ಮೊದಲಿಂದ ಕೊನೇವರೆಗೆ ಓದಲ್ಲ. ಇಂಜಿನಿಯರ್ ತೂಬು, ಏರಿ ಅಧ್ಯಾಯಕ್ಕೆ ನೇರ ಹೋಗ್ತಾರೆ, ಸರ್ವೆಯರ್ ಒತ್ತುವರಿ ಟೇಬಲ್ ನೋಡ್ತಾರೆ, ಪಂಚಾಯಿತಿ ಅಧ್ಯಕ್ಷರು ಕೊನೇ ಶಿಫಾರಸು ಪುಟ ತೆಗೀತಾರೆ. ಅವರು ಬಂದು ನಿಂತ ಜಾಗದಲ್ಲಿ "ಅದರ ಹೂಳು ತೆಗೆಯಬೇಕು" ಅಂತಿದ್ರೆ ಏನ್ ಮಾಡ್ಬೇಕು? ಹಾಗಾಗಿ ಪ್ರತಿ ತಲೆಬರಹದ ಕೆಳಗಿನ ಮೊದಲನೇ ವಾಕ್ಯದಲ್ಲಿ, ಟೇಬಲ್ ತಲೆಯಲ್ಲಿ, ಫೋಟೋ ಅಡಿಬರಹದಲ್ಲಿ, ಶಿಫಾರಸಿನ ಪ್ರತಿ ಅಂಶದಲ್ಲಿ ಪೂರ್ತಿ ಹೆಸರು ಬೇಕು. ಶಿಫಾರಸು ಹತ್ತಿದ್ರೆ ಹತ್ತರಲ್ಲೂ "ದೊಡ್ಡಕೆರೆ" ಬರ್ಲಿ, ಒಂದೊಂದು ಅಂಶನೂ ಕತ್ತರಿಸಿ ಬೇರೆ ಬೇರೆ ಟಿಪ್ಪಣಿಗೆ ಹೋಗತ್ತೆ.

ಕಾನೂನಿನ ಮಾತು ಬಂದ ಕಡೆ ಅಂತೂ ಪದನ ಮುಟ್ಟಲೇಬೇಡಿ. ಕರ್ನಾಟಕದಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ ಅಂತ 2014ರ ಹೆಸರಿನ ಕಾಯ್ದೆ ಇದೆ. ಅದರ ವ್ಯಾಖ್ಯಾನದಲ್ಲಿ ನೀರು ಇರಲಿ ಬಿಡಲಿ ಅದು ಕೆರೆನೇ, ಏರಿ, ತೂಬು, ರಾಜಕಾಲುವೆನೂ ಅದರೊಳಗೇ ಬರ್ತವೆ, ಕಂದಾಯ ದಾಖಲೆಯಲ್ಲಿ ಕುಂಟೆ ಕಟ್ಟೆ ಅಂತ ಇರೋವೂ ಸೇರ್ತವೆ. ಅಂದ್ರೆ ಕಾನೂನಿನ ಕೆರೆ ನಮ್ಮ ಮಾತಿನ ಕೆರೆಗಿಂತ ದೊಡ್ಡದು. ನೀವು ಒತ್ತುವರಿ ಅಧ್ಯಾಯದಲ್ಲಿ ಬೇರೆ ಪದ ಬೇಕು ಅಂತ "ನೀರು ನಿಲ್ಲುವ ಪ್ರದೇಶ" ಅಂತ ಹಾಕಿದ್ರೆ, ಒಣಗಿರೋ ಅಂಗಳ, ಕಾಲುವೆ ಎಲ್ಲ ನಿಮ್ಮ ವಾಕ್ಯದಿಂದ ಹೊರಗೆ ಹೋದ ಹಾಗೆ. ಒತ್ತುವರಿ ಆಗೋದು ಮೊದಲು ಅಲ್ಲೇ ಅಲ್ವಾ.

"ಸಣ್ಣ ಕೆರೆ" ಅಂತ ವಿಶೇಷಣ ಹಾಕಿ ಕರೆಯೋವಾಗಲೂ ಸ್ವಲ್ಪ ಯೋಚಿಸಿ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಮ್ಮಿ ಇರೋ ಕೆರೆಗಳು ಪಂಚಾಯತ್ ವ್ಯವಸ್ಥೆ ಕೆಳಗೆ ಬರ್ತವೆ, 40ರಿಂದ 2000 ಹೆಕ್ಟೇರ್ ಇರೋವು ಸಣ್ಣ ನೀರಾವರಿ ಇಲಾಖೆಗೆ ಸೇರಿದ್ದು. ಅಂದ್ರೆ ಸಣ್ಣ ನೀರಾವರಿ ಕೆರೆ ಅಂದ್ರೆ ಎರಡರಲ್ಲಿ ದೊಡ್ಡದು! ಚಿಕ್ಕದು ಅನ್ನೋಕೆ "ಸಣ್ಣ ಕೆರೆ" ಅಂತ ಬರೆದ್ರೆ ಕಾಗದ ತಪ್ಪು ಆಫೀಸಿಗೆ ಹೋಗೋ ಸಾಧ್ಯತೆ ಇದೆ.

ಹಂತ 7: ಇನ್ನೊಬ್ಬರ ಕೈಲಿ ಓದಿಸಿ

ನಿಮಗೆ ಕೆರೆ ಗೊತ್ತು, ಏರಿ ಮೇಲೆ ಓಡಾಡಿದೀರಿ, ಹಾಗಾಗಿ ನಿಮ್ಮ "ಅದು" ನಿಮಗೆ ಯಾವಾಗಲೂ ಅರ್ಥ ಆಗತ್ತೆ. ಊರೇ ನೋಡಿರದ ಒಬ್ಬರನ್ನ ಕೂರಿಸಿ ಜೋರಾಗಿ ಓದಿಸಿ. ಪ್ರತಿ ಅದು, ಅದರ, ಅಲ್ಲಿ, ಈ ಜಲಮೂಲ ಬಂದಾಗ ನಿಲ್ಲಿಸಿ "ಯಾವುದು?" ಅಂತ ಕೇಳಿ. ತಕ್ಷಣ ಹೇಳಿದ್ರೆ ಸರಿ. ಕಣ್ಣು ಹಿಂದಿನ ಸಾಲಿಗೆ ಹೋಯ್ತು ಅಂದ್ರೆ ಅಲ್ಲಿ ಹೆಸರು ಹಾಕಿ. ಎಲ್ಲ ಇಪ್ಪತ್ತು ಪುಟಕ್ಕೂ ಇದನ್ನ ಮಾಡ್ಸೋಕೆ ಯಾರ ತಾಳ್ಮೆನೂ ಸಾಲಲ್ಲ, ನಾಲ್ಕೈದು ಪುಟ ಸಾಕು. ನೀವು ಎಡವೋ ರೀತಿ ಪ್ರತಿ ಸಲ ಒಂದೇ ಥರ ಇರತ್ತೆ, ಉಳಿದ ಪುಟಗಳನ್ನ ನೀವೇ ಹಿಡೀಬಹುದು. ನಂದಂತೂ ಯಾವಾಗಲೂ ಒಂದೇ, ಪಂಚಾಯಿತಿ ಅಂತ ಬರೆದ ಮುಂದಿನ ವಾಕ್ಯನ "ಅದರ" ಅಂತ ಶುರು ಮಾಡ್ತೀನಿ. ಹೋದ ವಾರದ ವರದಿಯಲ್ಲೂ "ಪಂಚಾಯಿತಿಗೆ ಮನವಿ ಸಲ್ಲಿಸಲಾಗಿದೆ. ಅದರಲ್ಲಿ ತುಂಬಿರುವ ಹೂಳನ್ನು ತೆಗೆಯಬೇಕಿದೆ" ಅಂತ ಬರ್ದಿದ್ದೆ, ಓದಿಸಿದಾಗ ನನ್ನ ತಂಗಿ ಬಿದ್ದು ಬಿದ್ದು ನಕ್ಕಳು.